ಸಹಿಗೆ ನಾಲ್ಕು ಸಾಲು, ತಾ.ಕ.ಗೆ ಒಂದೇ

ಮನೆಯಿಂದಲೇ ಲೆಕ್ಕಪತ್ರ ನೋಡಿಕೊಡುವ ಗೆಳತಿಯೊಬ್ಬಳ ಇಮೇಲ್ ಸಹಿ 11 ಸಾಲಿತ್ತು: ಲೋಗೊ, ಸುಭಾಷಿತ, ಏನೆಲ್ಲ. ಕೆಲವು ಮೇಲ್‌ಬಾಕ್ಸ್‌ಗಳು ಚಿತ್ರಗಳನ್ನು ತಡೆಹಿಡಿಯುತ್ತವೆ. ಅಂಥಲ್ಲಿ ಲೋಗೊ ಬದಲು ಖಾಲಿ ಚೌಕ. ಅದರೊಳಗಿದ್ದ ಫೋನ್ ನಂಬರೂ ಮಾಯ.

ಈಗ ಬರಿ ಅಕ್ಷರದಲ್ಲಿ 4 ಸಾಲು: ಹೆಸರು; ‘ಸಣ್ಣ ಅಂಗಡಿಗಳ ಜಿಎಸ್‌ಟಿ ಲೆಕ್ಕಪತ್ರ’; ಕರೆ ಮಾಡುವ ಹೊತ್ತಿನೊಡನೆ ಒಂದೇ ನಂಬರು; ವೆಬ್‌ಸೈಟ್. ಇಮೇಲ್ ವಿಳಾಸ ಬೇಡ, ಅದು ಮೇಲೆಯೇ ಇದೆ. ‘ನಂಬಿಕಸ್ಥ’ ಎಂದು ಹೇಳಿಕೊಳ್ಳುವುದಕ್ಕಿಂತ, ಓದುವವರು ತಾವೇ ಪರೀಕ್ಷಿಸಬಹುದಾದ ವಿವರ ಮೇಲು.

ತಾ.ಕ.ವನ್ನು ಸಹಿಗೆ ಕಾಯಂ ಅಂಟಿಸಬಾರದು. ಎರಡನೇ ಪತ್ರಕ್ಕೇ ಕಣ್ಣು ಅದನ್ನು ದಾಟಿಬಿಡುತ್ತದೆ. ಆಯಾ ಪತ್ರಕ್ಕೆ ಹೊಸದಾಗಿ ಬರೆಯಬೇಕು: ‘ತಾ.ಕ.: ಮಾರಾಟದ ಬಿಲ್‌ಗಳು 5ನೇ ತಾರೀಖಿನೊಳಗೆ ತಲುಪಿದರೆ, 11ರ ಗಡುವಿಗೆ ಮುಂಚೆಯೇ ಜಿಎಸ್‌ಟಿಆರ್-1 ಸಲ್ಲಿಸುತ್ತೇನೆ.’