‘ಕಳಿಸಿ’ಯಲ್ಲಿದ್ದ ಮರ್ಯಾದೆ ‘ಸೆಂಡ್’ನಲ್ಲಿ ಎಲ್ಲಿ ಹೋಯಿತು?

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯ ಒಬ್ಬ ಎಂಜಿನಿಯರ್ ಲಂಡನ್ನಿನ ಸಹೋದ್ಯೋಗಿಗೆ ಮೇಲ್ ಬರೆಯುತ್ತಿದ್ದಾರೆ ಎಂದುಕೊಳ್ಳಿ. ಅವರ ಮನಸ್ಸಿನಲ್ಲಿ ಮೂಡಿದ ಮಾತು ಇಷ್ಟು: ‘ಸ್ವಲ್ಪ ಆ ಫೈಲ್ ಇವತ್ತೇ ಕಳಿಸಿಕೊಡಿ ಸರ್, ನಾಳೆ ಕ್ಲೈಂಟ್ ಕೇಳ್ತಾರೆ. ಒಂದ್ಸಲ ನೋಡಿ ಹೇಳಿ.’ ಇದರಲ್ಲಿ ಯಾರೂ ತಪ್ಪು ಹುಡುಕಲಾರರು. ಮೇಲಧಿಕಾರಿಯ ಎದುರು ನಿಂತು ಹೇಳಿದರೂ ನಡೆಯುತ್ತದೆ. ಆದರೆ ಪರದೆಯ ಮೇಲೆ ಇಳಿದದ್ದು: ‘ಸೆಂಡ್ ದಟ್ ಫೈಲ್ ಟುಡೇ ಇಟ್‌ಸೆಲ್ಫ್. ಟುಮಾರೋ ಕ್ಲೈಂಟ್ ವಿಲ್ ಆಸ್ಕ್. ಚೆಕ್ ಅಂಡ್ ಟೆಲ್.’ ಇದನ್ನು ಓದಿದ ಲಂಡನ್ನಿನವರಿಗೆ ಯಾರೋ ಗದರಿದಂತಾಗುತ್ತದೆ.

ದಾರಿಯಲ್ಲಿ ಏನೇನು ಉದುರಿತು ನೋಡೋಣ. ಮೊದಲು ಹೋದದ್ದು ‘ಸರ್’. ಅಲ್ಲಿ ಎಲ್ಲರನ್ನೂ ಹೆಸರಿನಿಂದಲೇ ಕರೆಯುವುದು ರೂಢಿ, ಹಾಗಾಗಿ ಅದನ್ನು ಬಿಟ್ಟದ್ದು ಸರಿಯೇ. ಆಮೇಲೆ ‘ಸ್ವಲ್ಪ’. ಫೈಲನ್ನು ಅರ್ಧ ಕಳಿಸಿ ಎಂದು ಅದರ ಅರ್ಥವಲ್ಲ, ಕೇಳಿಕೆಯ ಭಾರ ಇಳಿಸಲು ನಾವು ಸೇರಿಸುವ ಮಾತು ಅದು. ಇಂಗ್ಲಿಷಿಗೆ ತರಲು ದಾರಿ ಕಾಣದೆ ಅದನ್ನೂ ಕೈಬಿಟ್ಟಾಯಿತು. ‘ಕಳಿಸಿಕೊಡಿ’ಯಲ್ಲಿರುವ ‘ಕೊಡು’ ಇನ್ನೂ ಸೂಕ್ಷ್ಮ. ಬರೀ ‘ಕಳಿಸಿ’ ಎಂದರೆ ಕೆಲಸ ಮಾತ್ರ, ‘ಕಳಿಸಿಕೊಡಿ’ ಎಂದರೆ ನನಗಾಗಿ ಮಾಡಿ, ಉಪಕಾರವಾಗುತ್ತದೆ ಎಂಬ ಧ್ವನಿ. ಅದೂ ಹೋಯಿತು. ಕೊನೆಯದಾಗಿ ಹೋದದ್ದು ಕ್ರಿಯಾಪದದ ಬಾಲದಲ್ಲಿದ್ದ ‘ಇ’. ‘ಕಳಿಸು’ವನ್ನು ‘ಕಳಿಸಿ’ ಮಾಡುವ, ಧಾರವಾಡದ ಕಡೆ ‘ಕಳಸ್ರಿ’ ಎಂದು ಇನ್ನಷ್ಟು ಗಟ್ಟಿಯಾಗಿ ಕೇಳುವ ಆ ಬಹುವಚನದ ಗೌರವಕ್ಕೆ ಇಂಗ್ಲಿಷ್ ಕ್ರಿಯಾಪದದಲ್ಲಿ ಜಾಗವೇ ಇಲ್ಲ. ‘ಸೆಂಡ್’ ಎಂಬುದು ಮಗುವಿಗೂ ಅದೇ, ಮುಖ್ಯಸ್ಥರಿಗೂ ಅದೇ.

ಉಳಿದದ್ದು ಒಂದೇ, ‘ಇವತ್ತೇ’ಯಲ್ಲಿರುವ ಒತ್ತು. ಅದು ಮಾತ್ರ ‘ಟುಡೇ ಇಟ್‌ಸೆಲ್ಫ್’ ಆಗಿ ಚೆನ್ನಾಗಿಯೇ ದಾಟಿಕೊಂಡಿತು.

ಇಂಗ್ಲಿಷಿಗೂ ಒಂದು ಕಾಲದಲ್ಲಿ ನಮ್ಮ ನೀನು–ನೀವು ಥರದ ಭೇದವಿತ್ತು. ‘ದೌ’ ಎಂಬ ಏಕವಚನ 17ನೆಯ ಶತಮಾನದ ಹೊತ್ತಿಗೆ ಸಾಮಾನ್ಯ ಬಳಕೆಯಿಂದ ಸರಿದು, ಎಲ್ಲರಿಗೂ ‘ಯು’ ಒಂದೇ ಉಳಿಯಿತು. ಪದದಲ್ಲಿ ಗೌರವ ತೋರಿಸಲು ಜಾಗವಿಲ್ಲದ ಭಾಷೆ ಅದನ್ನು ವಾಕ್ಯದ ಆಕಾರದಲ್ಲಿ ತೋರಿಸುತ್ತದೆ. ಅಪ್ಪಣೆಯನ್ನು ಪ್ರಶ್ನೆಯಾಗಿಸುತ್ತದೆ: ‘ಕುಡ್ ಯು ಸೆಂಡ್ ದಿ ಫೈಲ್?’ ಕೇಳಿಸಿಕೊಂಡವರಿಗೆ ಆಗುವುದಿಲ್ಲ ಎನ್ನಲು ಒಂದು ಬಾಗಿಲು ತೆರೆದಿಟ್ಟಂತೆ. ಹೆಚ್ಚಿನವರು ಆ ಬಾಗಿಲಲ್ಲಿ ಹೋಗುವುದಿಲ್ಲ, ಆದರೆ ಅದು ತೆರೆದಿರಬೇಕು.

ಇದು ತಿಳಿಯದೆ ನಾವು ಹುಡುಕುವ ಸುಲಭ ಮದ್ದು ‘ಪ್ಲೀಸ್’. ‘ಪ್ಲೀಸ್ ಸೆಂಡ್ ದಟ್ ಫೈಲ್ ಟುಡೇ ಇಟ್‌ಸೆಲ್ಫ್’ ಎಂದರೂ ಅದು ಅಪ್ಪಣೆಯೇ, ಸ್ವಲ್ಪ ಇಸ್ತ್ರಿ ಹಾಕಿದ ಅಪ್ಪಣೆ ಅಷ್ಟೆ. ಭಾಷಾವಿಜ್ಞಾನಿಗಳಾದ ಲಿನ್ ಮರ್ಫಿ ಮತ್ತು ರಾಕೆಲೆ ಡಿ ಫೆಲಿಚೆ ಕಚೇರಿ ಮೇಲ್‌ಗಳನ್ನು ಹೋಲಿಸಿ ನೋಡಿದಾಗ, ಕೋರಿಕೆಗಳಲ್ಲಿ ಬ್ರಿಟಿಷರು ‘ಪ್ಲೀಸ್’ ಬಳಸುವುದು ಅಮೆರಿಕನ್ನರ ಸುಮಾರು ಎರಡು ಪಟ್ಟು ಎಂದು ಕಂಡುಬಂತು. ಹಾಗಾಗಿ ಬ್ರಿಟಿಷರಿಗೆ ಅದು ದಿನನಿತ್ಯದ ಮಾತು, ಕೆಲವು ಅಮೆರಿಕನ್ನರಿಗೆ ಮಾತ್ರ ಅದರಲ್ಲಿ ತಾಳ್ಮೆ ಕೆಟ್ಟ ಧ್ವನಿಯೂ ಕೇಳಬಹುದು. ನಮ್ಮ ‘ದಯವಿಟ್ಟು’ವನ್ನೇ ನೋಡಿ. ಅದು ಬಸ್ ನಿಲ್ದಾಣದ ಪ್ರಕಟಣೆಯಲ್ಲಿ, ಗೋಡೆಯ ಫಲಕದಲ್ಲಿ ಇರುವ ಮಾತು. ಮನೆಯಲ್ಲಿ ಯಾರಾದರೂ ‘ದಯವಿಟ್ಟು ಸುಮ್ನಿರಿ’ ಎಂದರೆ ಅದು ಖಂಡಿತ ವಿನಯವಲ್ಲ.

ಹಾಗಾದರೆ ನಮ್ಮ ಪ್ರಶ್ನೆಗಳನ್ನೇ ಅನುವಾದಿಸಿದರಾಯಿತಲ್ಲ ಎನ್ನಬಹುದು. ಅಲ್ಲೂ ಎಡವುತ್ತೇವೆ. ‘ಕಳಿಸ್ತೀರಾ?’ ನಮಗೆ ಮೃದು, ಆದರೆ ‘ವಿಲ್ ಯು ಸೆಂಡ್ ದಿ ಫೈಲ್?’ ಎಂಬುದರಲ್ಲಿ ‘ಕಳಿಸ್ತೀಯೋ ಇಲ್ಲವೋ’ ಎಂಬ ಧಾಟಿ ಇಣುಕಬಹುದು. ‘ನಾಲ್ಕು ಗಂಟೆಗೆ ಮೀಟಿಂಗಿಗೆ ತಾವು ಬರಬೇಕು’ ಎಂಬುದರಲ್ಲಿರುವ ‘ಬೇಕು’ ನಮ್ಮಲ್ಲಿ ಆಹ್ವಾನಪತ್ರಿಕೆಯ ಗೌರವ. ‘ಯು ಹ್ಯಾವ್ ಟು ಅಟೆಂಡ್ ದಿ ಮೀಟಿಂಗ್’ ಎಂದೊಡನೆ ಅದು ಕಟ್ಟಪ್ಪಣೆ. ನಮ್ಮ ಉಪಾಯಗಳಲ್ಲಿ ಒಂದು ಮಾತ್ರ ಎರಡೂ ಕಡೆ ಹೊಂದುತ್ತದೆ, ಅದು ಭೂತಕಾಲ. ‘ಒಂದು ಫೈಲ್ ಬೇಕಿತ್ತು’ ಎಂದು ನಾವು ಈಗ ಬೇಕಾದುದನ್ನು ಹಿಂದಿನದೆಂಬಂತೆ ಕೇಳುತ್ತೇವೆ. ಇಂಗ್ಲಿಷಿನವರೂ ‘ಐ ವಾಸ್ ವಂಡರಿಂಗ್ ಇಫ್’ ಎಂದು ಅದನ್ನೇ ಮಾಡುತ್ತಾರೆ.

ಎದುರಾಎದುರು ಮಾತಾಡುವಾಗ ದನಿ, ನಗು, ತಲೆಯಾಡಿಸುವಿಕೆ ಸೇರಿ ಎಷ್ಟೋ ಸಂಗತಿಯನ್ನು ಸರಿಪಡಿಸುತ್ತವೆ. ದನಿ ಕೂಡ ಕೈಕೊಡುವುದುಂಟು. ಜಾನ್ ಗಂಪರ್ಜ್ ಎಂಬ ಭಾಷಾವಿಜ್ಞಾನಿ ಬ್ರಿಟನ್ನಿನ ವಿಮಾನ ನಿಲ್ದಾಣವೊಂದರ ಕ್ಯಾಂಟೀನಿನ ಪ್ರಸಂಗವನ್ನು 1982ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದಾರೆ. ಅಲ್ಲಿ ಬಡಿಸುತ್ತಿದ್ದ ಭಾರತ, ಪಾಕಿಸ್ತಾನ ಮೂಲದ ಮಹಿಳೆಯರು ‘ಗ್ರೇವಿ’ ಎಂದು ದನಿ ಇಳಿಸಿ ಕೇಳುತ್ತಿದ್ದರು. ಬ್ರಿಟಿಷರ ಕಿವಿ ‘ಗ್ರೇವಿ?’ ಎಂದು ಏರುವ ದನಿಗಾಗಿ ಕಾದಿತ್ತು. ಕೇಳಿದ್ದು ‘ಬೇಕಾ?’ ಎಂದೇ, ಅವರಿಗೆ ಕೇಳಿಸಿದ್ದು ‘ಇದು ಗ್ರೇವಿ, ತಗೋ’ ಎಂಬಂತೆ. ಆ ಮಹಿಳೆಯರಿಗೆ ಸಿಡುಕಿನವರೆಂಬ ಹೆಸರು ಬಂತು. ಮೇಲ್‌ನಲ್ಲಂತೂ ಏರಿಸಲು ದನಿಯೇ ಇಲ್ಲ.

ಚೆನ್ನಾಗಿ ಇಂಗ್ಲಿಷ್ ಬಲ್ಲವರಿಗೇ ಇದರ ಪೆಟ್ಟು ಜಾಸ್ತಿ. 1983ರಲ್ಲಿ ಜೆನ್ನಿ ಥಾಮಸ್ ಎಂಬ ವಿದ್ವಾಂಸೆ ಇದನ್ನು ಗುರುತಿಸಿದರು: ವ್ಯಾಕರಣ ತಪ್ಪಿದರೆ ಓದುವವರು ಭಾಷೆ ಸಾಲದು ಎಂದುಕೊಳ್ಳುತ್ತಾರೆ. ವ್ಯಾಕರಣವೆಲ್ಲ ಸರಿಯಿದ್ದು ಧಾಟಿ ತಪ್ಪಿದರೆ ಮನುಷ್ಯನೇ ಒರಟ ಎಂದುಕೊಳ್ಳುತ್ತಾರೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮರುಮೇಲ್‌ನಲ್ಲಿ ಕುಶಲದ ಮಾತು ಇಲ್ಲವಾಗುವುದು, ಉತ್ತರ ಒಂದು ಸಾಲಿಗೆ ಇಳಿಯುವುದು, ಇದ್ದಕ್ಕಿದ್ದಂತೆ ಅವರ ಮ್ಯಾನೇಜರ್ ಹೆಸರು ‘ಸಿಸಿ’ಯಲ್ಲಿ ಕಾಣಿಸುವುದು, ಇವೇ ಸೂಚನೆ.

ಕಳಿಸುವ ಮುನ್ನ ಪರೀಕ್ಷಿಸಲು ಒಂದು ದಾರಿಯಿದೆ. ನೀವು ಬರೆದ ‘ಸೆಂಡ್’ ಅನ್ನು ‘ಕಳಿಸಿ’ ಎಂದಲ್ಲ, ‘ಕಳಿಸು’ ಎಂದು ಓದಿಕೊಳ್ಳಿ. ಅವರ ಎದುರು ನಿಂತು ‘ಆ ಫೈಲ್ ಇವತ್ತೇ ಕಳಿಸು, ನೋಡಿ ಹೇಳು’ ಎನ್ನಲು ನಾಲಿಗೆ ತಡೆದರೆ ವಾಕ್ಯ ಬದಲಿಸಬೇಕು. ನಮ್ಮ ಎಂಜಿನಿಯರ್ ಹೀಗೆ ಬರೆಯಬಹುದಿತ್ತು: ‘ಕುಡ್ ಯು ಸೆಂಡ್ ಮಿ ದಿ ಫೈಲ್ ಬೈ ಫೈವ್ ಯುವರ್ ಟೈಮ್ ಟುಡೇ? ದಿ ಕ್ಲೈಂಟ್ ನೀಡ್ಸ್ ಇಟ್ ಟುಮಾರೋ. ಲೆಟ್ ಮಿ ನೋ ಇಫ್ ದಟ್ಸ್ ಡಿಫಿಕಲ್ಟ್.’ ಒತ್ತು ಕೊಡುತ್ತಿದ್ದ ‘ಇಟ್‌ಸೆಲ್ಫ್’ ಹೋಗಿ ಗಡಿಯಾರದ ಸಮಯ ಬಂತು. ಅದೂ ಯಾರ ಐದು ಗಂಟೆ ಎಂಬುದರೊಂದಿಗೆ, ಏಕೆಂದರೆ ಚಳಿಗಾಲದಲ್ಲಿ ನಮ್ಮ ಸಂಜೆ ಐದು ಎಂದರೆ ಲಂಡನ್ನಿನಲ್ಲಿ ಬೆಳಿಗ್ಗೆ ಹನ್ನೊಂದೂವರೆ. ‘ಲೆಟ್ ಮಿ ನೋ’ ಕೂಡ ಆಜ್ಞಾರ್ಥಕವೇ ಅಲ್ಲವೇ ಎಂದು ಕೇಳಬಹುದು. ಹೌದು. ಓದುವವರ ಅನುಕೂಲಕ್ಕೆ ಹೇಳುವ ಮಾತಾದರೆ ಇಂಗ್ಲಿಷ್ ಬರೀ ಕ್ರಿಯಾಪದವನ್ನು ಒಪ್ಪುತ್ತದೆ. ‘ಹ್ಯಾವ್ ಎ ಸೀಟ್’ ಎಂದರೆ ಯಾರಿಗೂ ಬೇಸರವಿಲ್ಲ. ಸರ್ವರ್ ಬಿದ್ದು ಎಲ್ಲರೂ ಪರದಾಡುವಾಗ ‘ಸ್ಟಾಪ್ ದಿ ರಿಲೀಸ್’ ಎಂದರೂ ತಪ್ಪಿಲ್ಲ.

ಇದೆಲ್ಲ ಹೊರಗಿನವರಿಗೆ ಬರೆಯುವಾಗಿನ ಮಾತು. ಹುಬ್ಬಳ್ಳಿಯವರು ಮದುರೆಯವರಿಗೆ ‘ಸೆಂಡ್ ದಿ ಫೈಲ್’ ಎಂದು ಬರೆದರೆ, ಓದುವವರು ಅದರ ಹಿಂದಿನ ‘ರೀ’ಯನ್ನು ತಾವೇ ಸೇರಿಸಿಕೊಳ್ಳುತ್ತಾರೆ. ತಮಿಳಿನ ಕ್ರಿಯಾಪದದ ಬಾಲದಲ್ಲೂ ‘ಉಂಗ’ ಎಂಬ ಗೌರವ ಉಂಟು. ಅಲ್ಲಿ ‘ಕುಡ್ ಯು ಪಾಸಿಬ್ಲಿ’ ಎಂದು ಶುರುಮಾಡಿದರೆ ಇವರಿಗೇನೋ ಕೋಪ ಬಂದಿದೆ ಎಂದುಕೊಂಡಾರು.

ಪೇಚು ತಿರುಗುಮುರುಗಾಗಿಯೂ ನಡೆಯುತ್ತದೆ, ಮತ್ತು ನನ್ನ ಲೆಕ್ಕದಲ್ಲಿ ಅದರ ನಷ್ಟವೇ ದೊಡ್ಡದು. ಬ್ರಿಟಿಷ್ ಮ್ಯಾನೇಜರ್ ‘ಯು ಮೈಟ್ ವಾಂಟ್ ಟು ಲುಕ್ ಅಟ್ ದಿಸ್’ ಎಂದು ಬರೆಯುತ್ತಾರೆ. ಕನ್ನಡದಲ್ಲಿ ಓದಿಕೊಂಡರೆ ‘ಬೇಕಾದರೆ ನೋಡಿ’. ನಮ್ಮವರು ಬೇಡವೆನಿಸಿ ಬಿಟ್ಟುಬಿಡುತ್ತಾರೆ. ಮ್ಯಾನೇಜರ್ ಹೇಳಿದ್ದು ‘ಇದನ್ನು ಸರಿಮಾಡಿ’ ಎಂದು. ಎರಡು ದಿನ ಬಿಟ್ಟು ‘ಜಸ್ಟ್ ವಂಡರಿಂಗ್ ಇಫ್ ಯು ಹ್ಯಾಡ್ ಎ ಚಾನ್ಸ್’ ಎಂದು ಇನ್ನೂ ಮೃದುವಾದ ಮೇಲ್ ಬರುತ್ತದೆ. ಅದನ್ನು ಓದಿ ಆತುರವೇನಿಲ್ಲ ಎಂದುಕೊಂಡರೆ, ಮೂರನೆಯ ಮೇಲ್ ಬರುವುದು ಮ್ಯಾನೇಜರಿನ ಮೇಲಿನವರಿಂದ.