ಪಿತ್ತದ ಗಂಧೆಯೋ, ಕಾಂಗ್ರೆಸ್ ಕಸದ ತುರಿಕೆಯೋ? ಪೆನ್ನು, ಮೊಬೈಲ್ ಹಿಡಿದು ನೋಡಿ

ಹೆಸರು ಬೆಳೆಗೆ ಎಡೆ ಹೊಡೆಯೋ ಹೊತ್ತು. ಲಕ್ಷ್ಮೇಶ್ವರದ ಹತ್ತಿರದ ನಮ್ಮ ಹೊಲದ ಬದುವಿನಲ್ಲಿ ಕಾಂಗ್ರೆಸ್ ಕಸ ಸೊಂಟದೆತ್ತರ ಬೆಳೆದು ಹೂ ಬಿಟ್ಟಿತ್ತು. ಒಂದು ಶನಿವಾರ ನಾನು, ನನ್ನ ತಮ್ಮ ಇಬ್ಬರೂ ಬರಿಗೈಯಿಂದ ಕಿತ್ತು ಹಾಕಿದೆವು. ಭಾನುವಾರ ರಾತ್ರಿ ತಮ್ಮನ ಮೈಮೇಲೆ ಕೆಂಪು ದದ್ದು ಎದ್ದವು. ಸೋಮವಾರ ಬೆಳಗ್ಗೆ ನನ್ನ ಕಣ್ಣಿನ ರೆಪ್ಪೆ, ಕುತ್ತಿಗೆ ಉರಿಯತೊಡಗಿದವು. "ಅಣ್ಣಾ, ಇಬ್ಬರಿಗೂ ಕಸದ್ದೇ ತುರಿಕಿ, ಒಂದೇ ಗುಳಿಗಿ ತಗೊಳ್ಳೋಣ" ಅಂದ ತಮ್ಮ. ಆದರೆ ಅವು ಎರಡು ಬೇರೆ ಬೇರೆ ತೊಂದರೆ.

ಗುರುತಿಸುವುದು ಕಷ್ಟವಲ್ಲ. ತುರಿಸುವ ಒಂದು ದದ್ದಿನ ಸುತ್ತ ಬಾಲ್ ಪೆನ್ನಿನಿಂದ ಗೆರೆ ಎಳೆಯಿರಿ. ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಮರುದಿನ ಅದೇ ಹೊತ್ತಿಗೆ ಅದೇ ಜಾಗದ ಫೋಟೋ ಮತ್ತೆ ತೆಗೆದು ಹೋಲಿಸಿ. ಮುಖದ ಮೇಲಾದರೆ ಗೆರೆ ಬೇಡ, ಫೋಟೋ ಸಾಕು.

ತಮ್ಮನ ತೋಳಿನ ಮೇಲೆ ಹಾಕಿದ ಗೆರೆಯ ಒಳಗೆ ಬೆಳಗಾಗುವಷ್ಟರಲ್ಲಿ ಏನೂ ಇರಲಿಲ್ಲ. ಚರ್ಮ ಮೊದಲಿನಂತೆ ನುಣುಪಾಗಿತ್ತು. ಆದರೆ ಹೊಟ್ಟೆ, ತೊಡೆಯ ಮೇಲೆ ಹೊಸವು ಎದ್ದಿದ್ದವು. ಇದೇ ನಮ್ಮ ಕಡೆ 'ಪಿತ್ತ ಎದ್ದಾವ' ಅನ್ನುವ ಗಂಧೆ. ಚರ್ಮದೊಳಗಿನ ಕಣಗಳು ಹಿಸ್ಟಮಿನ್ ಎಂಬ ವಸ್ತು ಬಿಟ್ಟಾಗ ಅಲ್ಲಿ ನೀರು ಸೋರಿ ಉಬ್ಬುತ್ತದೆ. ಒಂದೊಂದು ಗಂಧೆಯೂ ಸಾಮಾನ್ಯವಾಗಿ 24 ತಾಸಿನೊಳಗೆ ಇಳಿಯುತ್ತದೆ, ಇನ್ನೊಂದು ಕಡೆ ಏಳುತ್ತದೆ. ಸೋಂಕು, ಕೆಲವು ಆಹಾರ, ಜೇನುಹುಳದ ಕಡಿತ, ಔಷಧ ಹೀಗೆ ಕಾರಣ ಹಲವು. ತಮ್ಮ ಭಾನುವಾರ ರಾತ್ರಿ ಮೈಕೈ ನೋವಿಗೆ ಗುಳಿಗೆ ನುಂಗಿದ್ದ, ಒಂದು ತಾಸಿನಲ್ಲಿ ಗಂಧೆ ಎದ್ದಿದ್ದವು. ಹಿಂದೊಮ್ಮೆ ಅದೇ ಗುಳಿಗೆಗೆ ಹೀಗೇ ಆಗಿತ್ತೆಂದು ಅವ್ವ ನೆನಪಿಸಿದಳು.

ನನ್ನದು ಹಾಗಲ್ಲ. ಕುತ್ತಿಗೆಯ ಕಲೆ ಮರುದಿನವೂ, ಮೂರನೇ ದಿನವೂ ಅಲ್ಲೇ ಇತ್ತು. ಮೊದಲು ಕೆಂಪಾಗಿ ಸಣ್ಣ ನೀರುಗುಳ್ಳೆ ಎದ್ದು, ಆಮೇಲೆ ಹೊಪ್ಪಳಿಕೆ ಬಂದು ಚರ್ಮ ಒರಟಾಯಿತು. ಇದು ಮುಟ್ಟಿದ್ದರಿಂದ ಬರುವ ಇಸಬು. ಕಾಂಗ್ರೆಸ್ ಕಸದಲ್ಲಿ ಪಾರ್ಥೆನಿನ್ ಎಂಬ ರಾಸಾಯನಿಕವಿದೆ. ಅದಕ್ಕೆ ಒಗ್ಗದ ಚರ್ಮ ತಕ್ಷಣ ಅಲ್ಲ, ಒಂದರಿಂದ ಮೂರು ದಿನದ ನಂತರ ಸಿಡಿದೇಳುತ್ತದೆ. ಗಿಡದ ಪುಡಿ, ಕೂದಲು ಗಾಳಿಯಲ್ಲೂ ಹಾರುವುದರಿಂದ ಕಣ್ಣಿನ ರೆಪ್ಪೆ, ಗದ್ದದ ಕೆಳಗೆ, ಕುತ್ತಿಗೆ, ಮೊಣಕೈ ಮಡಿಕೆಯಲ್ಲಿ ಹೆಚ್ಚು ಕಾಣುತ್ತದೆ. ಅಂಗಿ ಮುಚ್ಚಿದ ಬೆನ್ನು ಚೊಕ್ಕ ಇರುತ್ತದೆ.

"ಹತ್ತು ವರ್ಷದಿಂದ ಕಿತ್ತೀನಿ, ಏನೂ ಆಗಿಲ್ಲ" ಅಂತ ನಾನೂ ಅಂದಿದ್ದೆ. ಈ ಅಲರ್ಜಿ ಮೊದಲ ದಿನವೇ ಬರುವುದಿಲ್ಲ. ಮತ್ತೆ ಮತ್ತೆ ಸೋಕಿದ ಮೇಲೆ ಶುರುವಾಗಿ, ಬಂದ ಮೇಲೆ ಉಳಿದುಬಿಡುತ್ತದೆ. ಸೂರ್ಯಕಾಂತಿ, ಸೇವಂತಿಗೆ ಅದೇ ಕುಟುಂಬದ ಗಿಡಗಳು. ಕೆಲವರಿಗೆ ಅವೂ ಒಗ್ಗುವುದಿಲ್ಲ. ಮುಂಡರಗಿ, ಶಿರಹಟ್ಟಿ ಕಡೆ ಸೂರ್ಯಕಾಂತಿ ಹಾಕುವವರು ಇದನ್ನು ನೆನಪಿಡಿ.

ಮದ್ದು ಬೇರೆ ಯಾಕೆ? ಸೆಟ್ರಿಜಿನ್‌ನಂಥ ಗುಳಿಗೆ ಹಿಸ್ಟಮಿನ್ ತಡೆಯುತ್ತದೆ, ಗಂಧೆಗೆ ಕೆಲಸ ಮಾಡುತ್ತದೆ. ನಿದ್ದೆ ತರಬಹುದು, ನುಂಗಿ ಟ್ರ್ಯಾಕ್ಟರ್, ಬೈಕ್ ಹತ್ತಬೇಡಿ. ಇಸಬಿಗೆ ಅದೊಂದೇ ಸಾಲದು. ಗಿಡದಿಂದ ದೂರವಿರಬೇಕು, ವೈದ್ಯರು ಬರೆದ ಸ್ಟಿರಾಯ್ಡ್ ಮುಲಾಮು ಹೇಳಿದಷ್ಟೇ ದಿನ ಹಚ್ಚಬೇಕು. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಮುಲಾಮನ್ನು ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಯಾವ ವಸ್ತು ಅಂತ ಖಚಿತವಾಗದಿದ್ದರೆ ಚರ್ಮರೋಗ ತಜ್ಞರು ಪ್ಯಾಚ್ ಪರೀಕ್ಷೆ ಮಾಡುತ್ತಾರೆ. ಬೆನ್ನಿಗೆ ಅಂಟಿಸಿದ ಪಟ್ಟಿಯನ್ನು 48 ತಾಸಿನ ನಂತರ ತೆಗೆದು ನೋಡುತ್ತಾರೆ. ನಿಮ್ಮ ಫೋಟೋಗಳನ್ನೂ ಅವರಿಗೆ ತೋರಿಸಿ.

ಪೆನ್ನಿನ ಪರೀಕ್ಷೆಗೂ ಮಿತಿ ಇದೆ. ಉಬ್ಬಿದ ಗಂಧೆ 24 ತಾಸು ದಾಟಿದರೂ ಇಳಿಯದೆ ನೋಯುತ್ತಿದ್ದರೆ, ಕಪ್ಪು ಗುರುತು ಬಿಟ್ಟರೆ, ಅಥವಾ ಗಂಧೆ ಆರು ವಾರ ಬಿಡದೆ ಏಳುತ್ತಿದ್ದರೆ ತೋರಿಸಲೇಬೇಕು. ಗಂಧೆಯ ಜೊತೆ ತುಟಿ, ನಾಲಿಗೆ ಊದಿದರೆ, ಉಸಿರು ಕಟ್ಟಿದರೆ, ತಲೆ ತಿರುಗಿ ಬಿದ್ದರೆ ಫೋಟೋ ತೆಗೆಯುತ್ತ ಕೂಡಬೇಡಿ, 108ಕ್ಕೆ ಫೋನ್ ಮಾಡಿ.

ಈಗ ನಮ್ಮಲ್ಲಿ ಕಸವನ್ನು ಹೂ ಬಿಡುವ ಮೊದಲೇ, ಮಳೆಯಾಗಿ ನೆಲ ಹಸಿ ಇದ್ದಾಗ ಬೇರುಸಹಿತ ಕೀಳುತ್ತೇವೆ. ಕೀಳುವವನು ತಮ್ಮ, ಅದೂ ಕೈಗವಸು, ತುಂಬುತೋಳಿನ ಅಂಗಿ ಹಾಕಿಕೊಂಡು. ಮನೆಗೆ ಬಂದ ಕೂಡಲೇ ಸೋಪು ಹಚ್ಚಿ ಸ್ನಾನ, ಬಟ್ಟೆ ಬೇರೆ ಒಗೆಯುವುದು. ಆ ಗುಳಿಗೆಯ ಹೆಸರನ್ನು ಅವನು ಮೊಬೈಲಿನಲ್ಲಿ ಬರೆದಿಟ್ಟಿದ್ದಾನೆ, ಯಾವ ದವಾಖಾನೆಗೆ ಹೋದರೂ ಮೊದಲು ಅದನ್ನೇ ತೋರಿಸುತ್ತಾನೆ. ನಾನು ಆ ಬದುವಿನ ಕಡೆ ಹೋಗುವುದಿಲ್ಲ.