ನಕಲಿ ಮದ್ಯದ ಸುಳಿವು ಮುಚ್ಚಳದಲ್ಲಿ

ನಕಲಿ ಮದ್ಯ ಹಲವು ಬಾರಿ ಅಸಲಿ ಬಾಟಲಿಯಲ್ಲೇ ಬರುತ್ತದೆ. ಗುಜರಿಗೆ ಬಿದ್ದ ಖಾಲಿ ಬಾಟಲಿಗೆ ಅಗ್ಗದ ಮದ್ಯ ತುಂಬಿ, ಹೊಸ ಮುಚ್ಚಳ ಹಾಕುತ್ತಾರೆ. ಆದ್ದರಿಂದ ಚಿತ್ರದಲ್ಲಿ ಗಾಜಿನ ಅಚ್ಚಿನ ಗೆರೆ, ತಳದ ಉಬ್ಬು ಅಂಕಿ ಸರಿಯಾಗಿ ಕಂಡರೂ ನಂಬುವಂತಿಲ್ಲ. ಆ ಅಂಕಿ ಸಾಮಾನ್ಯವಾಗಿ ಗಾಜಿನ ಅಚ್ಚಿನದು; ಮದ್ಯದ ಬ್ಯಾಚ್ ಸಂಖ್ಯೆ ಲೇಬಲ್ ಮೇಲಿರುತ್ತದೆ.

ಮುಖ್ಯವಾಗಿ ನೋಡಬೇಕಾದದ್ದು ಮುಚ್ಚಳ. ಕಾರ್ಖಾನೆಯ ಯಂತ್ರ ಅಲ್ಯೂಮಿನಿಯಂ ಮುಚ್ಚಳವನ್ನು ಬಾಟಲಿಯ ಕತ್ತಿಗೆ ಸುತ್ತಲೂ ಸಮನಾಗಿ ಒತ್ತುತ್ತದೆ. ಮೊದಲ ಬಾರಿ ತಿರುಗಿಸಿದಾಗ ಕೆಳಗಿನ ಉಂಗುರದ ಸಣ್ಣ ಕೊಂಡಿಗಳು ಕಡಿಯುತ್ತವೆ. ಕೈಯಿಂದ ಕೂರಿಸಿದ ಮುಚ್ಚಳದ ಅಂಚು ಸೊಟ್ಟಗಿರಬಹುದು, ಗೀರು ಬಿದ್ದಿರಬಹುದು. ನಕಲಿ ಲೇಬಲ್‌ನಲ್ಲಿ ಸಣ್ಣ ಅಕ್ಷರಗಳು ಮಸುಕಾಗಿರುವುದುಂಟು.

ಕರ್ನಾಟಕದಲ್ಲಿ ಅಬಕಾರಿ ಚೀಟಿ ಮುಚ್ಚಳದ ಮೇಲೆ ಅಂಟಿರುತ್ತದೆ, ಹರಿದಿದ್ದರೆ ಕೊಳ್ಳಬೇಡಿ. ಮೆಥನಾಲ್ ಬೆರೆತದ್ದು ವಾಸನೆಯಿಂದ ತಿಳಿಯದು.